ಫ್ರೆಶರ್‌ಗೆ ಪ್ರಾಜೆಕ್ಟೇ ಅನುಭವ: ಮೊದಲ ಕೆಲಸಕ್ಕೆ ತಕ್ಕವರೆಂದು ತೋರಿಸುವ ಬಗೆ

ಕ್ಯಾಂಪಸ್ ಪ್ಲೇಸ್‌ಮೆಂಟ್‌ಗೆ ಬರುವ ಕಂಪನಿಗೆ, ಎದುರಿಗೆ ಕೂರುವ ವಿದ್ಯಾರ್ಥಿಗೆ ಕೆಲಸದ ಅನುಭವ ಇಲ್ಲವೆಂಬುದು ಗೊತ್ತೇ ಇರುತ್ತದೆ. ಆರಂಭಿಕ ಹುದ್ದೆಗೆ ಅದು ಅನುಭವವನ್ನು ನಿರೀಕ್ಷಿಸುವುದೂ ಇಲ್ಲ. ಕೆಲವು ತಿಂಗಳ ತರಬೇತಿ ಕೊಟ್ಟ ಮೇಲೆ ಈ ಹುಡುಗ ಅಥವಾ ಹುಡುಗಿ ಒಂದು ಸಣ್ಣ ಕೆಲಸವನ್ನು ತಾವೇ ಅರ್ಥ ಮಾಡಿಕೊಂಡು, ಮಾಡಿ, ತಪ್ಪಾದರೆ ಹುಡುಕಿ ಸರಿಪಡಿಸಬಲ್ಲರೇ ಎಂಬುದಷ್ಟೇ ಅದರ ಪ್ರಶ್ನೆ. ಉತ್ತರ ಸಿಗಬಹುದಾದ ಜಾಗಗಳು ಮುಖ್ಯವಾಗಿ ಎರಡು: ವಿದ್ಯಾರ್ಥಿ ಮಾಡಿದ ಪ್ರಾಜೆಕ್ಟ್, ಓದಿದ ವಿಷಯ. ಇವೆರಡನ್ನೂ ಹುದ್ದೆಯ ಕೆಲಸಕ್ಕೆ ಜೋಡಿಸಿ ತೋರಿಸುವ ಕ್ರಮವನ್ನು ಕರ್ನಾಟಕದಲ್ಲಿ ಹೆಚ್ಚು ಕಾಣುವ ಒಂದು ಸಂದರ್ಭದ ಮೂಲಕ ಇಲ್ಲಿ ವಿವರಿಸಲಾಗಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿಟಿಯು ವ್ಯಾಪ್ತಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಓದಿ, ಸಾಫ್ಟ್‌ವೇರ್ ಕಂಪನಿಯ ಮೊದಲ ಹುದ್ದೆಗೆ ಸಂದರ್ಶನ ಎದುರಿಸುವ ವಿದ್ಯಾರ್ಥಿಯ ಸಂದರ್ಭ ಅದು.

ಪ್ರಾಜೆಕ್ಟ್‌ಗೆ ಬೆಲೆ ಬರುವ ಹಂತ

ಒಂದು ಪ್ಲೇಸ್‌ಮೆಂಟ್ ಡ್ರೈವ್‌ ಹಲವು ಹಂತಗಳಲ್ಲಿ ನಡೆಯುತ್ತದೆ. ಮೊದಲಿಗೆ ಅರ್ಹತೆಯ ಗೆರೆ ಇರುತ್ತದೆ. ಹತ್ತನೇ ತರಗತಿ, ಪಿಯುಸಿ ಮತ್ತು ಪದವಿಯಲ್ಲಿ ಶೇ. 60 ಅಥವಾ ಅದಕ್ಕೆ ಸಮನಾದ ಸಿಜಿಪಿಎ ಇರಬೇಕು, ಬಾಕಿ ಉಳಿದ ಬ್ಯಾಕ್‌ಲಾಗ್ ಇರಬಾರದು ಎಂಬುದು ಅನೇಕ ಕಂಪನಿಗಳು ಹಾಕುವ ಷರತ್ತು. ನಂತರ ಆನ್‌ಲೈನ್ ಆಪ್ಟಿಟ್ಯೂಡ್ ಮತ್ತು ಕೋಡಿಂಗ್ ಪರೀಕ್ಷೆ, ಅದಾದ ಮೇಲೆ ಟೆಕ್ನಿಕಲ್ ಸಂದರ್ಶನ, ಕೊನೆಯಲ್ಲಿ ಎಚ್‌ಆರ್ ಸಂದರ್ಶನ.

ಮೊದಲ ಎರಡು ಹಂತಗಳಲ್ಲಿ ಪ್ರಾಜೆಕ್ಟ್‌ನಿಂದ ಯಾವ ಸಹಾಯವೂ ಸಿಗುವುದಿಲ್ಲ. ಅಂಕದ ಗೆರೆ ದಾಟದವರನ್ನು, ಆನ್‌ಲೈನ್ ಪರೀಕ್ಷೆಯಲ್ಲಿ ಉಳಿಯದವರನ್ನು ಒಳ್ಳೆಯ ಪ್ರಾಜೆಕ್ಟ್ ಮುಂದಕ್ಕೆ ಕರೆದೊಯ್ಯದು. ಅದರ ಬೆಲೆ ಕಾಣುವುದು ರೆಸ್ಯೂಮೆ ಸಂದರ್ಶಕರ ಕೈಗೆ ಹೋದ ಮೇಲೆ. ಅಲ್ಲಿ ಮಾತ್ರ ಅದು ಬಹಳ ದೂರ ಬರುತ್ತದೆ, ಏಕೆಂದರೆ ಫ್ರೆಶರ್‌ನ ರೆಸ್ಯೂಮೆಯಲ್ಲಿ ಸಂದರ್ಶಕರು ಬೆರಳಿಟ್ಟು ಪ್ರಶ್ನೆ ಕೇಳಬಹುದಾದ ಜಾಗ ಬಹುಮಟ್ಟಿಗೆ ಅದೊಂದೇ. ಹಾಗಾಗಿ ಆಪ್ಟಿಟ್ಯೂಡ್ ಅಭ್ಯಾಸ ಬಿಟ್ಟು ಪ್ರಾಜೆಕ್ಟ್ ಹಿಡಿಯುವುದೂ ತಪ್ಪು, ಪರೀಕ್ಷೆ ಪಾಸಾದ ಮೇಲೆ ನೋಡಿಕೊಂಡರಾಯಿತು ಎಂದು ಪ್ರಾಜೆಕ್ಟನ್ನು ಮೂಲೆಗಿಡುವುದೂ ತಪ್ಪು. ಬಹಳಷ್ಟು ಕಾಲೇಜುಗಳಲ್ಲಿ ಡ್ರೈವ್‌ಗಳು ಏಳನೇ ಸೆಮಿಸ್ಟರ್ ಹೊತ್ತಿಗೆ ಶುರುವಾಗುತ್ತವೆ. ಅಂತಿಮ ವರ್ಷದ ದೊಡ್ಡ ಪ್ರಾಜೆಕ್ಟ್ ಆಗ ಅರ್ಧದಲ್ಲಿರುತ್ತದೆ. ಸಂದರ್ಶನದಲ್ಲಿ ನಿಜವಾಗಿ ಕೈಗೆ ಸಿಗುವುದು ಐದು, ಆರನೇ ಸೆಮಿಸ್ಟರ್‌ಗಳಲ್ಲಿ ಮಾಡಿದ ಮಿನಿ ಪ್ರಾಜೆಕ್ಟ್ ಅಥವಾ ಲ್ಯಾಬ್‌ನ ಕೆಲಸ.

ಹುದ್ದೆಯ ವಿವರಣೆಯಿಂದ ಹೊರಡಬೇಕು

ಕಂಪನಿ ಬರುವ ಮುನ್ನ ಪ್ಲೇಸ್‌ಮೆಂಟ್ ಆಫೀಸಿನಿಂದ ಹುದ್ದೆಯ ವಿವರಣೆ, ಎಲ್ಲರೂ ಜೆಡಿ ಎನ್ನುವ ಕಾಗದ, ವಿದ್ಯಾರ್ಥಿಗಳಿಗೆ ಬರುತ್ತದೆ. ಸಂಬಳ ಮತ್ತು ಊರು ನೋಡಿ ಅದನ್ನು ಬದಿಗಿಡುವವರೇ ಹೆಚ್ಚು. ತಾನು ಏನನ್ನು ತೋರಿಸಬೇಕೆಂದು ತಿಳಿಯಲು ಇರುವ ಮೊದಲ ಆಧಾರ ಅದೇ.

ಅಸೋಸಿಯೇಟ್ ಸಾಫ್ಟ್‌ವೇರ್ ಎಂಜಿನಿಯರ್ ಹುದ್ದೆಯ ಜೆಡಿಯಲ್ಲಿ ಸಾಮಾನ್ಯವಾಗಿ ಐದು ಮಾತುಗಳಿರುತ್ತವೆ: ಜಾವಾ ಅಥವಾ ಪೈಥಾನ್‌ನಂಥ ಒಂದು ಭಾಷೆ ಗೊತ್ತಿರಬೇಕು, ಡೇಟಾಬೇಸ್ ಮತ್ತು ಎಸ್‌ಕ್ಯೂಎಲ್ ತಿಳಿದಿರಬೇಕು, ಎಪಿಐ ಬರೆಯುವ ಪರಿಚಯ ಇರಬೇಕು, ದೋಷ ಹುಡುಕಿ ಸರಿಪಡಿಸಬೇಕು, ತಂಡದಲ್ಲಿ ಕೆಲಸ ಮಾಡಬೇಕು. ಇವನ್ನು ಹಾಳೆಯ ಎಡಭಾಗದಲ್ಲಿ ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಎದುರು ತಾನು ಮಾಡಿದ ಒಂದು ಕೆಲಸವನ್ನೋ ಓದಿದ ಒಂದು ಪಾಠವನ್ನೋ ಬರೆಯಬೇಕು. ಬಲಭಾಗದಲ್ಲಿ ‘ಡಿಬಿಎಂಎಸ್ ಗೊತ್ತು’ ಎಂದು ಬರೆದರೆ ಸಾಲದು. ‘ಒಂದೇ ಪುಸ್ತಕವನ್ನು ಇಬ್ಬರು ಒಟ್ಟಿಗೆ ಕಾಯ್ದಿರಿಸದಂತೆ ಟ್ರಾನ್ಸಾಕ್ಷನ್ ಬರೆದದ್ದು’ ಎಂಬಷ್ಟು ಖಚಿತವಾಗಿ ಬರೆಯಬೇಕು. ಹಾಗೆ ಬರೆಯಲು ಏನೂ ತೋಚದ ಸಾಲು ಯಾವುದೋ, ತಯಾರಿಗೆ ಉಳಿದ ಸಮಯ ಹೋಗಬೇಕಾದದ್ದು ಅಲ್ಲಿಗೆ.

ಐದು ಸಾಲುಗಳಿಗೂ ಬೇರೆ ಬೇರೆ ಪ್ರಾಜೆಕ್ಟ್ ಬೇಕಿಲ್ಲ. ತಳದವರೆಗೆ ಗೊತ್ತಿರುವ ಒಂದು ಸಣ್ಣ ಪ್ರಾಜೆಕ್ಟ್ ನಾಲ್ಕು ಸಾಲುಗಳಿಗಾದರೂ ಸಾಕ್ಷಿಯಾಗಬಲ್ಲದು. ಮೇಲುಮೇಲೆ ಗೊತ್ತಿರುವ ಐದು ಪ್ರಾಜೆಕ್ಟ್‌ಗಳು ಒಂದು ಸಾಲಿಗೂ ಸಾಕ್ಷಿಯಾಗದೆ ಹೋಗಬಹುದು.

ಎಲ್ಲರೂ ಮಾಡುವ ಒಂದು ಪ್ರಾಜೆಕ್ಟ್

ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಂ ಎಂಬ ಪ್ರಾಜೆಕ್ಟ್ ಇಲ್ಲದ ಎಂಜಿನಿಯರಿಂಗ್ ಕಾಲೇಜು ಸಿಗುವುದು ಕಷ್ಟ. ವಿಟಿಯುನ 2018ರ ಸ್ಕೀಮ್‌ನಲ್ಲಿ ಐದನೇ ಸೆಮಿಸ್ಟರ್‌ನ ಡಿಬಿಎಂಎಸ್ ಲ್ಯಾಬ್ ಜೊತೆಗೇ ಮಿನಿ ಪ್ರಾಜೆಕ್ಟ್ ಮಾಡಬೇಕಿತ್ತು. ಇಂಥ ಪ್ರಾಜೆಕ್ಟ್‌ಗಳು ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಕೈಬದಲಾಗುತ್ತಲೂ ಇವೆ. ಬೆಂಗಳೂರಿನಂಥ ಊರಿನಲ್ಲಿ ಪ್ರಾಜೆಕ್ಟ್ ಮಾಡಿಕೊಡುವುದನ್ನೇ ವ್ಯಾಪಾರ ಮಾಡಿಕೊಂಡ ಅಂಗಡಿಗಳಿವೆ. ಈ ಕಾರಣಕ್ಕೆ ಪ್ರಾಜೆಕ್ಟ್‌ನ ಹೆಸರು ನೋಡಿ ಸಂದರ್ಶಕರು ಯಾವ ತೀರ್ಮಾನಕ್ಕೂ ಬರುವುದಿಲ್ಲ. ಮುಖ ಗುರುತಿಸುವ ಯಂತ್ರಕಲಿಕೆಯ ಪ್ರಾಜೆಕ್ಟ್ ಎಂದರೂ ಅಷ್ಟೆ, ಲೈಬ್ರರಿ ಎಂದರೂ ಅಷ್ಟೆ. ಅವರು ನೋಡುವುದು ಎರಡನೇ ಪ್ರಶ್ನೆಗೆ ಬರುವ ಉತ್ತರವನ್ನು.

ಮೊದಲ ಪ್ರಶ್ನೆ ‘ಪ್ರಾಜೆಕ್ಟ್ ಬಗ್ಗೆ ಹೇಳಿ’ ಎಂಬುದು. ಅದಕ್ಕೆ ಬಾಯಿಪಾಠದ ಉತ್ತರ ಎಲ್ಲರ ಬಳಿಯೂ ಇರುತ್ತದೆ. ಎರಡನೆಯದು ‘ಈ ಟೇಬಲ್ ಯಾಕೆ ಬೇರೆ ಮಾಡಿದಿರಿ?’, ‘ಇಲ್ಲಿ ಸರ್ವರ್ ನಿಂತುಹೋದರೆ ಏನಾಗುತ್ತದೆ?’ ಎಂಬಂಥದ್ದು. ಕೊಂಡು ತಂದ ಪ್ರಾಜೆಕ್ಟ್ ನಿಲ್ಲುವುದು ಇಲ್ಲಿಯೇ. ಮಾಡಿದವರಿಗೆ ಒಂದು ನಿರ್ಧಾರದ ಹಿಂದೆ ಬಿಟ್ಟುಕೊಟ್ಟ ಇನ್ನೊಂದು ದಾರಿ ನೆನಪಿರುತ್ತದೆ, ಮಾಡದವರಿಗೆ ಕೊನೆಯ ರೂಪ ಮಾತ್ರ ಗೊತ್ತಿರುತ್ತದೆ.

ಹಳೆಯ ವಿಷಯದ ಪ್ರಾಜೆಕ್ಟ್‌ಗೇ ಹೊಸ ಆಳ ತರುವುದು ಹೇಗೆ ಎಂಬುದಕ್ಕೆ ಒಂದು ಉದಾಹರಣೆ ನೋಡಬಹುದು. ನಾಲ್ವರ ತಂಡವೊಂದು ವಿಭಾಗದ ಲೈಬ್ರರಿಗೆ ಪುಸ್ತಕ ಕಾಯ್ದಿರಿಸುವ ವೆಬ್ ಪುಟವನ್ನು ಪೈಥಾನ್ ಮತ್ತು ಮೈಎಸ್‌ಕ್ಯೂಎಲ್ ಬಳಸಿ ಮಾಡಿದೆ ಎಂದುಕೊಳ್ಳೋಣ. ವಿದ್ಯಾರ್ಥಿ ತನ್ನ ಯುಎಸ್‌ಎನ್ ಹಾಕಿ ಲಾಗಿನ್ ಆಗಿ, ಪುಸ್ತಕ ಹುಡುಕಿ, ಕಾಯ್ದಿರಿಸುವ ಗುಂಡಿ ಒತ್ತಬೇಕು. ತಂಡದ ಒಬ್ಬ ವಿದ್ಯಾರ್ಥಿನಿಯ ಪಾಲಿಗೆ ಬಂದದ್ದು ಕಾಯ್ದಿರಿಸುವ ಭಾಗ. ಗೈಡ್ ಮುಂದೆ ಡೆಮೊ ಆಯಿತು, ವೈವಾ ಮುಗಿಯಿತು, ಅಂಕವೂ ಬಂತು. ಕಾಲೇಜಿನ ಲೆಕ್ಕಕ್ಕೆ ಪ್ರಾಜೆಕ್ಟ್ ಮುಗಿದಿದೆ. ಉದ್ಯೋಗದ ಲೆಕ್ಕಕ್ಕೆ ಅದು ಶುರುವಾಗುವುದು ಈಗ.

ಕೊನೆಯ ಪ್ರತಿ ಇಬ್ಬರಿಗೆ

ಡೆಮೊದಲ್ಲಿ ಒಂದು ಸಲಕ್ಕೆ ಒಬ್ಬರೇ ಗುಂಡಿ ಒತ್ತುತ್ತಾರೆ. ನಿಜವಾದ ಬಳಕೆಯಲ್ಲಿ, ಇಂಟರ್ನಲ್ಸ್ ಹತ್ತಿರ ಬಂದಾಗ, ಉಳಿದಿರುವ ಒಂದೇ ಪ್ರತಿಗೆ ಇಬ್ಬರು ಒಟ್ಟಿಗೆ ಒತ್ತಬಹುದು. ವಿದ್ಯಾರ್ಥಿನಿಯ ಮೊದಲ ಕೋಡ್ ಎರಡು ಹೆಜ್ಜೆಯಲ್ಲಿ ನಡೆಯುತ್ತಿತ್ತು. ಮೊದಲು ಎಷ್ಟು ಪ್ರತಿ ಉಳಿದಿದೆ ಎಂದು ಡೇಟಾಬೇಸನ್ನು ಕೇಳುವುದು, ಇದ್ದರೆ ಅದರಲ್ಲಿ ಒಂದನ್ನು ಕಳೆದು ಹೊಸ ಸಂಖ್ಯೆಯನ್ನು ಬರೆಯುವುದು.

```sql
SELECT available FROM books WHERE id = 42;
-- ಪ್ರೋಗ್ರಾಂ 1 - 1 = 0 ಎಂದು ಲೆಕ್ಕ ಹಾಕುತ್ತದೆ
UPDATE books SET available = 0 WHERE id = 42;
```

ಒಬ್ಬರೇ ಇದ್ದಾಗ ಇದು ಸರಿಯಾಗಿ ನಡೆಯುತ್ತದೆ. ಇಬ್ಬರು ಇದ್ದಾಗ, ಮೊದಲನೆಯವರು ಹೊಸ ಸಂಖ್ಯೆ ಬರೆಯುವ ಮುನ್ನವೇ ಎರಡನೆಯವರು ಹಳೆಯ ಸಂಖ್ಯೆ ಓದಿಬಿಡಬಹುದು. ಇಬ್ಬರಿಗೂ 1 ಎಂದೇ ಕಾಣುತ್ತದೆ, ಇಬ್ಬರೂ 0 ಎಂದೇ ಬರೆಯುತ್ತಾರೆ. ಕೊನೆಗೆ ಇರುವ ಪ್ರತಿ ಒಂದು, ಕಾಯ್ದಿರಿಸಿದವರು ಇಬ್ಬರು. ಸಂಖ್ಯೆ 0 ಎಂದೇ ತೋರಿಸುವುದರಿಂದ ಪುಸ್ತಕಗಳ ಟೇಬಲ್ ನೋಡಿದರೆ ತಪ್ಪು ಕಾಣುವುದೇ ಇಲ್ಲ. ಕಾಯ್ದಿರಿಸಿದವರ ಟೇಬಲ್‌ನಲ್ಲಿ ಆ ಪುಸ್ತಕಕ್ಕೆ ಎಷ್ಟು ಸಾಲುಗಳಿವೆ ಎಂದು ಎಣಿಸಿದರೆ ಮಾತ್ರ ತಿಳಿಯುತ್ತದೆ.

ಈ ತಪ್ಪನ್ನು ಊಹಿಸಿದರೆ ಸಾಲದು, ಆಗಿಸಿ ನೋಡಬೇಕು. ಒಂದೇ ಪುಸ್ತಕಕ್ಕೆ 20 ಬೇರೆ ಬೇರೆ ಯುಎಸ್‌ಎನ್‌ಗಳಿಂದ ಒಟ್ಟಿಗೆ ಕೋರಿಕೆ ಕಳಿಸುವ ಸಣ್ಣ ಪೈಥಾನ್ ಪ್ರೋಗ್ರಾಂ ಬರೆಯುವುದು ಒಂದು ಸಂಜೆಯ ಕೆಲಸ. ಪ್ರತಿ ಒಂದೇ ಇದ್ದರೂ ಒಂದಕ್ಕಿಂತ ಹೆಚ್ಚು ಕೋರಿಕೆಗಳಿಗೆ ‘ಯಶಸ್ವಿ’ ಎಂಬ ಉತ್ತರ ಬಂದರೆ ದೋಷ ಸಿಕ್ಕಿತು. ಒಮ್ಮೆ ಓಡಿಸಿದಾಗ ಬರದಿದ್ದರೆ ದೋಷ ಇಲ್ಲವೆಂದಲ್ಲ. ಇಂಥ ದೋಷ ಸಮಯದ ಹೊಂದಾಣಿಕೆಯ ಮೇಲೆ ನಿಂತಿರುವುದರಿಂದ ಹಲವು ಬಾರಿ ಓಡಿಸಬೇಕಾಗುತ್ತದೆ. ಓದುವ ಮತ್ತು ಬರೆಯುವ ಹೆಜ್ಜೆಗಳ ನಡುವೆ ಬೇಕೆಂದೇ ಅರ್ಧ ಸೆಕೆಂಡ್ ತಡ ಹಾಕಿದರೆ ಅದು ಬೇಗ ಹೊರಬೀಳುತ್ತದೆ.

ಪರಿಹಾರ ಚಿಕ್ಕದು. ನೋಡುವ ಕೆಲಸ ಮತ್ತು ಕಳೆಯುವ ಕೆಲಸ ಎರಡನ್ನೂ ಒಂದೇ ಆಜ್ಞೆಯಲ್ಲಿ ಡೇಟಾಬೇಸ್‌ಗೇ ವಹಿಸಬೇಕು.

```sql
UPDATE books
SET available = available - 1
WHERE id = 42 AND available > 0;
```

ಇದನ್ನು ಓಡಿಸಿದಾಗ ಎಷ್ಟು ಸಾಲುಗಳು ಬದಲಾದವು ಎಂದು ಡೇಟಾಬೇಸ್ ತಿಳಿಸುತ್ತದೆ. 1 ಎಂದರೆ ಪ್ರತಿ ಸಿಕ್ಕಿತು, 0 ಎಂದರೆ ಮುಗಿದುಹೋಗಿದೆ. ಇಬ್ಬರು ಒಟ್ಟಿಗೆ ಬಂದರೆ ಮೊದಲನೆಯವರ ಬದಲಾವಣೆ ಮುಗಿಯುವವರೆಗೆ ಆ ಸಾಲಿಗೆ ಬೀಗ ಬೀಳುತ್ತದೆ. ಎರಡನೆಯವರ ಆಜ್ಞೆ ಕಾಯ್ದು, ಆಮೇಲೆ ಹೊಸ ಸಂಖ್ಯೆಯನ್ನೇ ನೋಡುತ್ತದೆ. ಕಾಯ್ದಿರಿಸಿದವರ ಟೇಬಲ್‌ಗೆ ಹೆಸರು ಸೇರಿಸುವ ಆಜ್ಞೆಯೂ ಇದೇ ಟ್ರಾನ್ಸಾಕ್ಷನ್ ಒಳಗೆ ಇರಬೇಕು. ಇಲ್ಲದಿದ್ದರೆ ಪ್ರತಿ ಕಳೆದ ಮೇಲೆ, ಹೆಸರು ಬರೆಯುವ ಮುನ್ನ ಸರ್ವರ್ ನಿಂತರೆ, ಯಾರ ಹೆಸರಿನಲ್ಲೂ ಇಲ್ಲದೆ ಒಂದು ಪ್ರತಿ ಲೆಕ್ಕದಿಂದ ಮಾಯವಾಗುತ್ತದೆ. ಬದಲಾವಣೆ ಆದ ಮೇಲೆ ಅದೇ 20 ಕೋರಿಕೆಗಳ ಪರೀಕ್ಷೆಯನ್ನು ಮತ್ತೆ ಮತ್ತೆ ಓಡಿಸಿ, ಪ್ರತಿ ಸಲವೂ ಒಬ್ಬರಿಗೇ ಪುಸ್ತಕ ಸಿಗುತ್ತದೆಯೇ ಎಂದು ನೋಡಬೇಕು.

ಬದಲಾದ ಕೋಡ್ ಹತ್ತು ಸಾಲನ್ನೂ ಮೀರದು. ಆದರೂ ಜೆಡಿಯ ಸಾಲುಗಳಿಗೆ ಬೇಕಾದ ಸಾಕ್ಷಿ ಇದರಲ್ಲಿದೆ. ದೋಷವನ್ನು ತಾನೇ ಹುಡುಕಿದ್ದು, ಅದನ್ನು ಬೇಕೆಂದಾಗ ಮರುಕಳಿಸುವಂತೆ ಮಾಡಿದ್ದು, ಕಾರಣ ತಿಳಿದದ್ದು, ಸರಿಪಡಿಸಿದ್ದು, ಸರಿಯಾಗಿದೆ ಎಂದು ಪರೀಕ್ಷಿಸಿದ್ದು. ಕೆಲಸಕ್ಕೆ ಸೇರಿದ ಮೊದಲ ವರ್ಷ ಎಂಜಿನಿಯರ್ ಒಬ್ಬರು ಹೆಚ್ಚಾಗಿ ಮಾಡುವುದು ಇದನ್ನೇ.

ಓದಿದ ಪಾಠ ಕೈಕೆಲಸವನ್ನು ಸೇರುವ ಜಾಗ

ರೆಸ್ಯೂಮೆಯಲ್ಲಿ ಓದಿದ ಎಲ್ಲ ವಿಷಯಗಳ ಹೆಸರನ್ನೂ ಪಟ್ಟಿ ಮಾಡುವ ರೂಢಿ ಇದೆ. ಅದರಿಂದ ಸಂದರ್ಶಕರಿಗೆ ಹೊಸದೇನೂ ತಿಳಿಯುವುದಿಲ್ಲ, ಏಕೆಂದರೆ ಆ ವಿಭಾಗದ ಎಲ್ಲರೂ ಅದೇ ವಿಷಯಗಳನ್ನು ಓದಿರುತ್ತಾರೆ. ಹುದ್ದೆಗೆ ಹತ್ತಿರದ ಮೂರು ನಾಲ್ಕು ವಿಷಯಗಳನ್ನು ಮಾತ್ರ ಉಳಿಸಿಕೊಂಡು, ಪ್ರತಿಯೊಂದು ಪ್ರಾಜೆಕ್ಟ್‌ನ ಯಾವ ಜಾಗದಲ್ಲಿ ಕೆಲಸ ಮಾಡಿತು ಎಂದು ಹೇಳಬಲ್ಲವರಾದರೆ ಆ ಹೆಸರುಗಳಿಗೆ ತೂಕ ಬರುತ್ತದೆ.

ಲೈಬ್ರರಿಯ ಉದಾಹರಣೆಯಲ್ಲಿ ಮೂರು ಪಾಠಗಳು ಒಂದೇ ಗುಂಡಿಯ ಹಿಂದೆ ಕೂಡುತ್ತವೆ. ಎರಡು ಆಜ್ಞೆಗಳಲ್ಲಿ ಒಂದು ನಡೆದು ಇನ್ನೊಂದು ನಡೆಯದಂತೆ ನೋಡಿಕೊಳ್ಳುವುದು ಡಿಬಿಎಂಎಸ್‌ನ ಟ್ರಾನ್ಸಾಕ್ಷನ್ ಪಾಠ. ಪಠ್ಯಪುಸ್ತಕದಲ್ಲಿ ಅದನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ಕಳಿಸುವ ಉದಾಹರಣೆಯೊಂದಿಗೆ ಓದಿರುತ್ತಾರೆ. ಇಬ್ಬರು ಒಂದೇ ವಸ್ತುವನ್ನು ಏಕಕಾಲಕ್ಕೆ ಬದಲಿಸಲು ಹೋದಾಗ ಆಗುವ ತಪ್ಪು ಆಪರೇಟಿಂಗ್ ಸಿಸ್ಟಂನ ರೇಸ್ ಕಂಡಿಷನ್ ಪಾಠ. ಪ್ರತಿ ಸಿಗದವರಿಗೆ ಸರ್ವರ್ ಯಾವ ಉತ್ತರ ಕೊಡಬೇಕು ಎಂಬುದು ಕಂಪ್ಯೂಟರ್ ನೆಟ್‌ವರ್ಕ್ಸ್‌ನ ಎಚ್‌ಟಿಟಿಪಿ ಪಾಠ. ಅನೇಕ ವಿದ್ಯಾರ್ಥಿ ಪ್ರಾಜೆಕ್ಟ್‌ಗಳು ತಪ್ಪಾದಾಗಲೂ ಎಲ್ಲವೂ ಸರಿ ಎಂಬ ಅರ್ಥದ `200` ಸಂಕೇತವನ್ನೇ ಕಳಿಸಿ, ಒಳಗೆ ತಪ್ಪಿನ ಮಾತು ಬರೆದಿರುತ್ತವೆ. ಆ ಉತ್ತರವನ್ನು ಓದುವ ಇನ್ನೊಂದು ಪ್ರೋಗ್ರಾಂ ಅದನ್ನು ಯಶಸ್ಸೆಂದೇ ತಿಳಿಯುತ್ತದೆ. ಈಗಿರುವ ಸ್ಥಿತಿಯೊಂದಿಗೆ ಕೋರಿಕೆ ಹೊಂದುತ್ತಿಲ್ಲ ಎಂದು ಹೇಳಲು `409` ಎಂಬ ಸಂಕೇತವಿದೆ, ಇಲ್ಲಿ ತಕ್ಕದ್ದು ಅದು.

ಹೀಗೆ ಜೋಡಿಸಿದಾಗ ಇನ್ನೊಂದು ಅನುಕೂಲವೂ ಆಗುತ್ತದೆ. ‘ಟ್ರಾನ್ಸಾಕ್ಷನ್ ಎಂದರೇನು?’ ಎಂಬ ಪ್ರಶ್ನೆಗೆ ವ್ಯಾಖ್ಯೆ ಒಪ್ಪಿಸುವ ಬದಲು ಲೈಬ್ರರಿಯ ಕೊನೆಯ ಪ್ರತಿಯನ್ನು ಹಿಡಿದು ವಿವರಿಸಬಹುದು. ವ್ಯಾಖ್ಯೆ ಮರೆತುಹೋಗಬಹುದು, ತಾನೇ ಕಂಡು ತಿದ್ದಿದ ದೋಷ ಮರೆಯುವುದಿಲ್ಲ. ಒಂದು ವಿಷಯದಲ್ಲಿ ಗ್ರೇಡ್ ಕಡಿಮೆ ಬಂದಿದ್ದರೆ ಆ ಸಂಗತಿಯನ್ನು ಮುಚ್ಚಿಡಲಾಗದು, ಅಂಕಪಟ್ಟಿ ಕಂಪನಿಯ ಕೈಯಲ್ಲೇ ಇರುತ್ತದೆ. ಆದರೆ ಅದೇ ವಿಷಯದ ಒಂದು ಭಾಗವನ್ನು ಕೈಯಾರೆ ಮಾಡಿದ್ದೇನೆಂದು ಹೇಳಿ ತೋರಿಸಿದರೆ ಗ್ರೇಡ್‌ನ ಮಾತು ಅಲ್ಲಿಗೇ ನಿಲ್ಲುವ ಸಾಧ್ಯತೆ ಹೆಚ್ಚು.

ರೆಸ್ಯೂಮೆಯ ಮೂರು ಸಾಲು

ಪ್ರಾಜೆಕ್ಟ್‌ಗೆ ರೆಸ್ಯೂಮೆಯಲ್ಲಿ ಸಿಗುವ ಜಾಗ ಮೂರು ನಾಲ್ಕು ಸಾಲು. ಬಹಳ ಮಂದಿ ಅಲ್ಲಿ ಸಿನಾಪ್ಸಿಸ್‌ನ ಮೊದಲ ಪ್ಯಾರಾ ಹಾಕುತ್ತಾರೆ: ‘ಗ್ರಂಥಾಲಯದ ಕೈಬರಹದ ವ್ಯವಸ್ಥೆಯನ್ನು ಗಣಕೀಕರಿಸಿ, ಬಳಕೆದಾರರಿಗೆ ಸುಲಭವಾದ, ಸಮರ್ಥವಾದ ವ್ಯವಸ್ಥೆ ಒದಗಿಸುವುದು ಈ ಪ್ರಾಜೆಕ್ಟ್‌ನ ಉದ್ದೇಶ.’ ಇದರಲ್ಲಿ ಉದ್ದೇಶ ಇದೆ, ಮಾಡಿದವರು ಇಲ್ಲ. ನಾಲ್ವರ ತಂಡದ ಯಾರು ಇದನ್ನು ಹಾಕಿದರೂ ಒಂದೇ.

ಅದರ ಬದಲು ಬರೆಯಬೇಕಾದದ್ದು ಹೀಗಿರುತ್ತದೆ. ಮೊದಲ ಸಾಲಿನಲ್ಲಿ ಏನು, ಯಾವುದರಲ್ಲಿ, ಎಷ್ಟು ಜನರ ತಂಡ: ‘ವಿಭಾಗದ ಲೈಬ್ರರಿಗೆ ಪುಸ್ತಕ ಕಾಯ್ದಿರಿಸುವ ವೆಬ್ ಪುಟ, ಪೈಥಾನ್, ಮೈಎಸ್‌ಕ್ಯೂಎಲ್, ನಾಲ್ವರ ತಂಡ.’ ಎರಡನೆಯದರಲ್ಲಿ ತನ್ನ ಪಾಲು: ‘ಕಾಯ್ದಿರಿಸುವ ಮತ್ತು ಹಿಂದಿರುಗಿಸುವ ಎಪಿಐ ಹಾಗೂ ಅದರ ಟೇಬಲ್‌ಗಳ ವಿನ್ಯಾಸ ನನ್ನದು.’ ಮೂರನೆಯದರಲ್ಲಿ ಒಂದು ಸಮಸ್ಯೆ ಮತ್ತು ಅದರ ಅಂತ್ಯ: ‘ಏಕಕಾಲದ 20 ಕೋರಿಕೆಗಳ ಪರೀಕ್ಷೆಯಲ್ಲಿ ಒಂದೇ ಪ್ರತಿ ಇಬ್ಬರಿಗೆ ಹೋಗುವ ದೋಷ ಕಂಡು, ಟ್ರಾನ್ಸಾಕ್ಷನ್ ಮೂಲಕ ಸರಿಪಡಿಸಿದ್ದು.’

ಮೂರನೇ ಸಾಲಿನಲ್ಲಿರುವ ಸಂಖ್ಯೆ ತಾನು ನಿಜವಾಗಿ ಓಡಿಸಿದ ಪರೀಕ್ಷೆಯದ್ದಾಗಿರಬೇಕು. ‘ಲೈಬ್ರರಿಯ ಸಾಮರ್ಥ್ಯವನ್ನು ಶೇ. 40 ಹೆಚ್ಚಿಸಿದೆ’ ಎಂಬಂಥ ಸಾಲುಗಳು ಸಂದರ್ಶಕರ ಕಣ್ಣಿಗೆ ಕೂಡಲೇ ಬೀಳುತ್ತವೆ. ಹೇಗೆ ಅಳೆದಿರಿ ಎಂದು ಕೇಳಿದಾಗ ಉತ್ತರವಿಲ್ಲದಿದ್ದರೆ ಉಳಿದ ನಿಜವಾದ ಸಾಲುಗಳ ಮೇಲೂ ಅನುಮಾನ ಬರುತ್ತದೆ. ತಾನು ಮಾಡಿದ ಮೂರನೇ ಸಾಲು ಯೋಗ್ಯವೇ ಎಂದು ತಿಳಿಯುವ ಪರೀಕ್ಷೆ ಸರಳ: ಅದರ ಮೇಲೆ ಒಂದರ ಹಿಂದೊಂದು ಮೂರು ‘ಯಾಕೆ’ ಕೇಳಿಕೊಂಡು, ಮೂರಕ್ಕೂ ಉತ್ತರ ಇದ್ದರೆ ಅದು ಅಲ್ಲಿರಬಹುದು.

ಗಿಟ್‌ಹಬ್‌ನಲ್ಲಿ ಏನು ಕಾಣುತ್ತದೆ

ರೆಸ್ಯೂಮೆಯಲ್ಲಿ ಗಿಟ್‌ಹಬ್ ಕೊಂಡಿ ಕೊಟ್ಟರೆ ಅದನ್ನು ತೆರೆದು ನೋಡುವ ಸಂದರ್ಶಕರೂ ಇದ್ದಾರೆ, ನೋಡದವರೂ ಇದ್ದಾರೆ. ನೋಡುವವರು ಎಲ್ಲ ಕೋಡ್ ಓದಲು ಕೂರುವುದಿಲ್ಲ. ಅವರ ಕಣ್ಣು ಮೊದಲು ಹೋಗುವುದು `README` ಕಡೆಗೆ. ಪ್ರಾಜೆಕ್ಟ್ ಏನು ಮಾಡುತ್ತದೆ, ತನ್ನ ಕಂಪ್ಯೂಟರ್‌ನಲ್ಲಿ ಓಡಿಸಲು ಯಾವ ಆಜ್ಞೆ ಕೊಡಬೇಕು, ಏನು ಇನ್ನೂ ಆಗಿಲ್ಲ ಎಂಬ ಮೂರು ಮಾತು ಅದರಲ್ಲಿದ್ದರೆ ಸಾಕು. ಆಜ್ಞೆಗಳು ನಿಜವಾಗಿ ಓಡುತ್ತವೆಯೇ ಎಂದು ಸ್ನೇಹಿತರ ಲ್ಯಾಪ್‌ಟಾಪ್‌ನಲ್ಲಿ ಮಾಡಿಸಿ ನೋಡಬೇಕು. ತನ್ನ ಯಂತ್ರದಲ್ಲಿ ಓಡುವ ಪ್ರಾಜೆಕ್ಟ್ ಬೇರೆಡೆ ಓಡದಿರುವುದು ತೀರ ಸಾಮಾನ್ಯ.

ಆಮೇಲೆ ಬದಲಾವಣೆಗಳ ಚರಿತ್ರೆ. ಇಡೀ ಪ್ರಾಜೆಕ್ಟ್ ಒಂದೇ ದಿನ ಒಂದೇ ಕಮಿಟ್‌ನಲ್ಲಿ ಬಂದು ಕೂತಿದ್ದರೆ, ಎಲ್ಲಿಂದಲೋ ತಂದು ಹಾಕಿದಂತೆ ಕಾಣುತ್ತದೆ. ಪೆನ್‌ಡ್ರೈವ್‌ನಲ್ಲಿ ಕೋಡ್ ಹಂಚಿಕೊಂಡು ಕೆಲಸ ಮಾಡಿದ ಪ್ರಾಮಾಣಿಕ ತಂಡಕ್ಕೂ ಈ ಪಾಡು ಬರಬಹುದು. ಅಂಥವರು ಹಳೆಯ ದಿನಾಂಕಗಳನ್ನು ಸೃಷ್ಟಿಸಲು ಹೋಗಬಾರದು. ಈಗಿರುವುದನ್ನು ಹಾಕಿ, ಮುಂದೆ ಮಾಡುವ ತಿದ್ದುಪಡಿಗಳನ್ನು ಒಂದೊಂದಾಗಿ, ಏನು ಬದಲಾಯಿತೆಂಬ ಒಂದು ಸಾಲಿನೊಂದಿಗೆ ಹಾಕುತ್ತ ಹೋದರೆ ಸಾಕು. ಕಾಯ್ದಿರಿಸುವ ದೋಷದ ತಿದ್ದುಪಡಿ ಪ್ರತ್ಯೇಕ ಕಮಿಟ್ ಆಗಿದ್ದರೆ ಸಂದರ್ಶನದಲ್ಲಿ ಅದನ್ನೇ ತೆರೆದು ತೋರಿಸಬಹುದು.

ಮೂರನೆಯದು, ಇರಬಾರದ್ದು. ಡೇಟಾಬೇಸ್‌ನ ಪಾಸ್‌ವರ್ಡ್ ಕೋಡ್ ಒಳಗೇ ಇರುವುದು ವಿದ್ಯಾರ್ಥಿ ಪ್ರಾಜೆಕ್ಟ್‌ಗಳಲ್ಲಿ ಕಾಣುವ ದೊಡ್ಡ ತಪ್ಪು. ಅದನ್ನು `.env` ಕಡತದಲ್ಲಿಟ್ಟು, ಆ ಕಡತದ ಹೆಸರನ್ನು `.gitignore` ಒಳಗೆ ಬರೆಯಬೇಕು. ಒಮ್ಮೆ ಹಾಕಿ ಆಮೇಲೆ ಅಳಿಸಿದರೂ ಪಾಸ್‌ವರ್ಡ್ ಹಳೆಯ ಚರಿತ್ರೆಯಲ್ಲಿ ಉಳಿದಿರುತ್ತದೆ, ಆದ್ದರಿಂದ ಪಾಸ್‌ವರ್ಡನ್ನೇ ಬದಲಿಸಬೇಕು. ಸಹಪಾಠಿಗಳ ನಿಜವಾದ ಹೆಸರು, ಯುಎಸ್‌ಎನ್, ಫೋನ್ ನಂಬರ್‌ಗಳನ್ನು ಮಾದರಿ ಡೇಟಾ ಆಗಿ ಹಾಕುವುದೂ ಅಷ್ಟೇ ತಪ್ಪು.

ಸಂದರ್ಶನದ ಮೇಜಿನ ಎದುರು

‘ಪ್ರಾಜೆಕ್ಟ್ ಬಗ್ಗೆ ಹೇಳಿ’ ಎಂದಾಗ ಎರಡು ನಿಮಿಷದಲ್ಲಿ ಮುಗಿಯುವ ಮಾತು ಸಿದ್ಧವಿರಬೇಕು. ಯಾರಿಗೆ ಏನು ಕಷ್ಟ ಇತ್ತು, ತಂಡ ಏನು ಮಾಡಿತು, ಅದರಲ್ಲಿ ತನ್ನ ಪಾಲು ಯಾವುದು, ಯಾವ ಸಮಸ್ಯೆ ಬಂತು, ಹೇಗೆ ಬಗೆಹರಿಯಿತು ಎಂಬ ಕ್ರಮ ಸಾಕು. ಬಳಸಿದ ಸಾಫ್ಟ್‌ವೇರ್‌ಗಳ ಹೆಸರಿನಿಂದ ಶುರು ಮಾಡಿದರೆ ಕೇಳುವವರಿಗೆ ಪ್ರಾಜೆಕ್ಟ್ ಏನೆಂದೇ ತಿಳಿಯುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನಲ್ಲಿ ಇದನ್ನು ಹೇಳುವುದು ಆತಂಕದ ವಿಷಯ. ಅಂಥವರು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರೆದುಕೊಂಡು, ಗೆಳೆಯರ ಎದುರು ಹಲವು ಸಲ ಜೋರಾಗಿ ಹೇಳಿ ರೂಢಿ ಮಾಡಿಕೊಂಡರೆ ಸಾಕಾಗುತ್ತದೆ. ಮಾತು ತಡವರಿಸಿದಾಗ ಹಾಳೆಯ ಮೇಲೆ ಟೇಬಲ್‌ಗಳ ಚಿತ್ರ ಬರೆದು ತೋರಿಸಬಹುದು, ಸಂದರ್ಶಕರು ಅದನ್ನು ಮೆಚ್ಚುತ್ತಾರೆಯೇ ಹೊರತು ತಪ್ಪೆಣಿಸುವುದಿಲ್ಲ.

ನಂತರ ಬರುವುದು ಎರಡನೇ, ಮೂರನೇ ಪ್ರಶ್ನೆಗಳು. ಲೈಬ್ರರಿಯ ವಿಷಯದಲ್ಲಿ ಅವು ಹೀಗೆ ಬರಬಹುದು. ‘ಒಬ್ಬನೇ ವಿದ್ಯಾರ್ಥಿ ಅವಸರದಲ್ಲಿ ಎರಡು ಸಲ ಗುಂಡಿ ಒತ್ತಿದರೆ?’ ಚಾಲ್ತಿಯಲ್ಲಿರುವ ಕಾಯ್ದಿರಿಸುವಿಕೆಗಳ ಟೇಬಲ್‌ನಲ್ಲಿ ಯುಎಸ್‌ಎನ್ ಮತ್ತು ಪುಸ್ತಕದ ಜೋಡಿಗೆ `UNIQUE` ನಿಯಮ ಹಾಕಿದ್ದರೆ ಎರಡನೆಯದು ಸೇರುವುದಿಲ್ಲ, ಆ ದೋಷ ಬಂದಾಗ ಪ್ರೋಗ್ರಾಂ `ROLLBACK` ಮಾಡಿದರೆ ಇಡೀ ಟ್ರಾನ್ಸಾಕ್ಷನ್ ಹಿಂದಕ್ಕೆ ಹೋಗುತ್ತದೆ, ಕಳೆದ ಪ್ರತಿಯೂ ಮರಳುತ್ತದೆ. ‘ಕಾಯ್ದಿರಿಸಿದವರು ಪುಸ್ತಕ ಒಯ್ಯಲು ಬರದೇ ಇದ್ದರೆ?’ ಇದಕ್ಕೆ ಪ್ರಾಜೆಕ್ಟ್‌ನಲ್ಲಿ ವ್ಯವಸ್ಥೆ ಇಲ್ಲ ಎಂದಿಟ್ಟುಕೊಳ್ಳೋಣ. ಇಲ್ಲವೆಂದು ನೇರವಾಗಿ ಹೇಳಿ, ‘ಕಾಯ್ದಿರಿಸಿದ ಸಮಯವನ್ನು ಟೇಬಲ್‌ನಲ್ಲಿ ಇಟ್ಟಿದ್ದೇವೆ, ಎರಡು ದಿನ ದಾಟಿದ್ದನ್ನು ರಾತ್ರಿ ಒಮ್ಮೆ ಹುಡುಕಿ ರದ್ದು ಮಾಡುವಂತೆ ಸೇರಿಸಬಹುದು’ ಎಂದರೆ, ಮಾಡಿದ ಕೆಲಸದಷ್ಟೇ ಮಾಡದ ಕೆಲಸವೂ ಅರ್ಥವಾಗಿದೆ ಎಂದು ತಿಳಿಯುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿದರೆ ಮುಂದಿನ ಪ್ರಶ್ನೆಗೆ ಸಿಕ್ಕಿಬೀಳುವುದು ಖಂಡಿತ.

ತಂಡದ ಪಾಲಿನ ಬಗ್ಗೆ ಮಾತಾಡುವಾಗ ‘ನಾವು’ ಮತ್ತು ‘ನಾನು’ ಎಂಬುದನ್ನು ಬೇರೆ ಇಡಬೇಕು. ಎಲ್ಲವನ್ನೂ ‘ನಾವು’ ಎಂದವರ ಪಾಲು ಏನೆಂದು ತಿಳಿಯುವುದಿಲ್ಲ. ಎಲ್ಲವನ್ನೂ ‘ನಾನು’ ಎಂದವರ ಸಹಪಾಠಿ ಪಕ್ಕದ ಕೋಣೆಯಲ್ಲಿ ಅದೇ ಪ್ರಾಜೆಕ್ಟ್ ವಿವರಿಸುತ್ತಿರುತ್ತಾರೆ. ಒಂದೇ ಡ್ರೈವ್‌ಗೆ ಒಂದೇ ತಂಡದ ನಾಲ್ವರೂ ಕೂರುವುದು ಕ್ಯಾಂಪಸ್‌ನಲ್ಲಿ ಸಾಮಾನ್ಯ. ಆದ್ದರಿಂದ ಯಾರ ಪಾಲು ಯಾವುದು ಎಂದು ತಂಡದವರು ಮೊದಲೇ ಕೂತು ಸ್ಪಷ್ಟ ಮಾಡಿಕೊಳ್ಳುವುದು, ಇತರರ ಭಾಗವನ್ನು ವಿವರಿಸುವಷ್ಟಾದರೂ ತಿಳಿದುಕೊಳ್ಳುವುದು ಒಳ್ಳೆಯದು.

ಅದೇ ಪ್ರಾಜೆಕ್ಟ್, ಬೇರೆ ಹುದ್ದೆ

ಹುದ್ದೆ ಬದಲಾದರೆ ಪ್ರಾಜೆಕ್ಟ್ ಬದಲಿಸಬೇಕಿಲ್ಲ, ಮುಂದೆ ಮಾಡುವ ಮುಖ ಬದಲಾಗುತ್ತದೆ. ಟೆಸ್ಟಿಂಗ್ ಹುದ್ದೆಯ ಸಂದರ್ಶನದಲ್ಲಿ 20 ಕೋರಿಕೆಗಳ ಪರೀಕ್ಷೆಯೇ ಕಥೆಯ ಮುಖ್ಯ ಭಾಗ. ಯಾವ ಯಾವ ಸಂದರ್ಭಗಳನ್ನು ಪರೀಕ್ಷಿಸಲಾಯಿತು, ದೋಷವನ್ನು ಇನ್ನೊಬ್ಬರು ಮತ್ತೆ ಕಾಣುವಂತೆ ಹೇಗೆ ಬರೆದಿಡಲಾಯಿತು ಎಂಬುದಕ್ಕೆ ಅಲ್ಲಿ ಹೆಚ್ಚು ಸಮಯ ಕೊಡಬೇಕು. ಡೇಟಾ ಅನಲಿಸ್ಟ್ ಹುದ್ದೆಗಾದರೆ ಅದೇ ಟೇಬಲ್‌ಗಳಿಂದ ಯಾವ ಪುಸ್ತಕಕ್ಕೆ ಯಾವ ತಿಂಗಳು ಬೇಡಿಕೆ ಹೆಚ್ಚು, ಎಷ್ಟು ಪ್ರತಿ ಕಡಿಮೆ ಬೀಳುತ್ತಿದೆ ಎಂದು ಎಸ್‌ಕ್ಯೂಎಲ್‌ನಲ್ಲಿ ತೆಗೆದು ತೋರಿಸಬಹುದು. ಸಪೋರ್ಟ್ ಹುದ್ದೆಗೆ, ಬಳಕೆದಾರರು ‘ಪುಸ್ತಕ ಸಿಗುತ್ತಿಲ್ಲ’ ಎಂದಾಗ ಲಾಗ್ ನೋಡಿ ಕಾರಣ ಹುಡುಕಿದ ಬಗೆ ಮುಖ್ಯ.

ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಾನಿಕ್ಸ್ ಓದಿ ಸಾಫ್ಟ್‌ವೇರ್ ಹುದ್ದೆಗೆ ಕೂರುವವರು ತಮ್ಮ ಪ್ರಾಜೆಕ್ಟನ್ನು ಬಿಟ್ಟು ಯಾವುದೋ ವೆಬ್‌ಸೈಟ್ ಪ್ರಾಜೆಕ್ಟ್ ಹೊಂದಿಸಿಕೊಳ್ಳುವುದು ಕಾಣುತ್ತದೆ. ಅದಕ್ಕಿಂತ ತಮ್ಮದೇ ಪ್ರಾಜೆಕ್ಟ್‌ನಲ್ಲಿ ಲೆಕ್ಕ, ಅಳತೆ, ಪ್ರೋಗ್ರಾಂ ಇರುವ ಭಾಗವನ್ನು ಎತ್ತಿ ತೋರಿಸುವುದು ಲೇಸು. ಸೆನ್ಸರ್‌ನಿಂದ ಬಂದ ತಪ್ಪು ಅಳತೆಗಳನ್ನು ಗುರುತಿಸಿ ಬಿಟ್ಟ ವಿದ್ಯಾರ್ಥಿ, ದೋಷ ಹುಡುಕುವ ಅದೇ ಗುಣವನ್ನು ತನ್ನ ನೆಲದಲ್ಲೇ ತೋರಿಸಿದಂತಾಯಿತು.

ಇದರ ಮಿತಿ

ಒಂದು ಪ್ರಾಜೆಕ್ಟನ್ನು ಎಷ್ಟೇ ಆಳವಾಗಿ ತಿಳಿದಿದ್ದರೂ ಸಂದರ್ಶಕರು ಅದನ್ನು ಕೇಳದೇ ಇರಬಹುದು. ಸಾವಿರಾರು ಜನರನ್ನು ಒಟ್ಟಿಗೆ ತೆಗೆದುಕೊಳ್ಳುವ ಸೇವಾ ಕಂಪನಿಗಳಲ್ಲಿ ಟೆಕ್ನಿಕಲ್ ಸಂದರ್ಶನ ಚಿಕ್ಕದಾಗಿದ್ದು, ಮೂಲ ಪ್ರಶ್ನೆಗಳಲ್ಲೇ ಮುಗಿಯುವುದುಂಟು. ಪ್ರಾಡಕ್ಟ್ ಕಂಪನಿಗಳಲ್ಲಿ ಡೇಟಾ ಸ್ಟ್ರಕ್ಚರ್ ಮತ್ತು ಅಲ್ಗಾರಿದಂ ಪ್ರಶ್ನೆಗಳೇ ಹೆಚ್ಚಿನ ಸಮಯ ತೆಗೆದುಕೊಳ್ಳುತ್ತವೆ, ಪ್ರಾಜೆಕ್ಟ್‌ಗೆ ಕೊನೆಯ ಕೆಲವು ನಿಮಿಷ ಸಿಕ್ಕರೂ ಸಿಗಬಹುದು. ಕಾಲೇಜಿನ ಪ್ರಾಜೆಕ್ಟ್‌ಗೆ ಅದರದೇ ಮಿತಿಯೂ ಇದೆ. ನೂರಾರು ಬಳಕೆದಾರರ ಒತ್ತಡ, ವರ್ಷಗಟ್ಟಲೆ ಬೇರೆಯವರು ಬರೆದ ಹಳೆಯ ಕೋಡ್, ಗಡುವಿನ ಜೊತೆ ಬದಲಾಗುವ ಬೇಡಿಕೆ, ಇವು ಅದರಲ್ಲಿ ಇರುವುದಿಲ್ಲ. ಇವೆಲ್ಲ ಗೊತ್ತಿದೆ ಎಂದು ಫ್ರೆಶರ್ ಹೇಳಿಕೊಳ್ಳಬೇಕಿಲ್ಲ, ಕಂಪನಿಯೂ ಅದನ್ನು ಕೇಳುತ್ತಿಲ್ಲ.

ಪ್ರಾಜೆಕ್ಟ್ ಮತ್ತು ಪಾಠಗಳು ಸಾಬೀತು ಮಾಡಬಲ್ಲದ್ದು ಸೀಮಿತವಾದರೂ ಖಚಿತವಾದ ಒಂದು ಸಂಗತಿಯನ್ನು. ಕೊಟ್ಟ ಒಂದು ಸಣ್ಣ ಭಾಗವನ್ನು ಈ ವಿದ್ಯಾರ್ಥಿ ಕೊನೆಯವರೆಗೆ ಹಿಡಿದು ಮಾಡಿದ್ದಾರೆ, ಅದರ ತಪ್ಪನ್ನು ತಾವೇ ಕಂಡಿದ್ದಾರೆ, ಓದಿದ್ದನ್ನು ಬಳಸಿ ತಿದ್ದಿದ್ದಾರೆ, ಅದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳಬಲ್ಲರು. ಆರಂಭಿಕ ಹುದ್ದೆಗೆ ತಕ್ಕವರು ಎಂಬ ಮಾತಿನ ಅರ್ಥವೂ ಇಷ್ಟೇ.